ಹಂಡೆ ತಳದ ಕೆಸರು

ಮಡಿಕೇರಿಯ ಹೋಮ್‌ಸ್ಟೇಗೆ ಕೊಟ್ಟಿದ್ದ ದಿಂಬಿನ ಕವರುಗಳು ಒಂದೇ ಒಗೆತಕ್ಕೆ ವಾಪಸು ಬಂದವು. ಕೊಡುವಾಗ ಇಟ್ಟಿಗೆಗೆಂಪು, ಈಗ ಮಾಸಲು ಗುಲಾಬಿ. ಜೊತೆಗೆ ಮೆಷಿನ್ನಿಗೆ ಹಾಕಿದ್ದ ಬಿಳಿ ಬೆಡ್‌ಶೀಟೂ ಗುಲಾಬಿ.

ಬಟ್ಟೆಗೆ ಬಣ್ಣ ಹಾಕುವ, ಸೋಮವಾರಪೇಟೆ ಕಡೆಯ ರತ್ನಮ್ಮನಿಗೆ ನಂಬಲಾಗಲಿಲ್ಲ. ಅದೇ ಮಂಜಿಷ್ಠದ ಬೇರು, ಅದೇ ಪಟಿಕ, ಅದೇ ಸ್ಟೀಲ್ ಹಂಡೆ. ಅದರಲ್ಲೇ ಅದ್ದಿದ ರೇಷ್ಮೆ ಶಾಲುಗಳು ಇವತ್ತಿಗೂ ಬಣ್ಣ ಬಿಟ್ಟಿಲ್ಲ. ಹತ್ತಿಗೆ ಮಾತ್ರ ಏನು ರೋಗ?

“ಪಟಿಕ ಇನ್ನೂ ಜಾಸ್ತಿ ಹಾಕಬೇಕಿತ್ತೇನೋ ಟೀಚರೇ,” ಎಂದಳು. ಪಕ್ಕದ ತೋಟದ ಕಾವೇರಮ್ಮ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ನಿವೃತ್ತರಾದವರು. ಅವರು ಕವರು ನೋಡಲಿಲ್ಲ, ಹಂಡೆ ಬಗ್ಗಿಸಿ ನೋಡಿದರು.

“ತಳದಲ್ಲಿ ಈ ಕೆಂಪು ಕೆಸರು ಯಾವಾಗಲೂ ನಿಲ್ಲುತ್ತಾ?”

“ರೇಷ್ಮೆಗೆ ಇಷ್ಟು ನಿಲ್ಲಲ್ಲ. ಪುಡಿ ಸರಿಯಾಗಿ ಸೋಸಿರಲಿಲ್ಲ ಅಂದ್ಕೊಂಡೆ.”

“ಪುಡಿಯಲ್ಲ ರತ್ನ, ನಿನ್ನ ಬಣ್ಣವೇ ಅದು. ಬಟ್ಟೆ ಮೇಲೆ ಕೂರಬೇಕಾದ್ದು ನೀರಲ್ಲೇ ಕೂತಿದೆ.”

ಮಂಜಿಷ್ಠದ ಬಣ್ಣ ಕೆಲವು ಲೋಹಗಳನ್ನು ಕಚ್ಚಿಕೊಂಡರೆ ನೀರಿನಲ್ಲಿ ಕರಗದ ವಸ್ತುವಾಗುತ್ತದೆ. ಪಟಿಕದಲ್ಲಿರುವ ಅಲ್ಯೂಮಿನಿಯಂ ಅಂಥ ಲೋಹ. ಅದು ಮೊದಲೇ ನೂಲಿನೊಳಗೆ ಇದ್ದರೆ ಬಣ್ಣ ಬಂದು ನೂಲಲ್ಲೇ ಸಿಕ್ಕಿಕೊಳ್ಳುತ್ತದೆ, ಸೋಪಿಗೆ ಬಿಡುವುದಿಲ್ಲ. ನೂಲು ಬಿಟ್ಟು ಹಂಡೆಯ ನೀರಿಗೆ ಬಂದಿದ್ದರೆ ಅಲ್ಲೇ ಬಣ್ಣ ಹಿಡಿದು ತಳಕ್ಕಿಳಿಯುತ್ತದೆ. ರೇಷ್ಮೆ ಪ್ರೋಟೀನು, ಅದರಲ್ಲಿ ಅಲ್ಯೂಮಿನಿಯಂ ಹಿಡಿಯುವ ಆಮ್ಲದ ತುದಿಗಳಿವೆ. ಹತ್ತಿ ಬರೀ ಸೆಲ್ಯುಲೋಸ್, ಅದರ ಹಿಡಿತ ಸಡಿಲ. ಪಟಿಕ ಹೆಚ್ಚಿಸಿದಷ್ಟೂ ಹೆಚ್ಚುವುದು ಕೆಸರೇ.

“ಹಂಗಾದ್ರೆ ಹತ್ತಿಗೆ ಪಟಿಕ ಹಿಡಿಸೋದು ಹೆಂಗೆ?”

“ಅಳಲೆಕಾಯಿ ಇದೆಯಾ?”

ಒಂದೇ ಹತ್ತಿ ಬಟ್ಟೆಯನ್ನು ನಾಲ್ಕು ತುಂಡು ಮಾಡಿ, ಗುರುತಿಗೆ ಮೂಲೆಯಲ್ಲಿ ಒಂದರಿಂದ ನಾಲ್ಕರ ತನಕ ಗಂಟು ಹಾಕಿದರು. ಒಂದು ಗಂಟಿನದು ಹಾಗೇ. ಎರಡನೆಯದಕ್ಕೆ ಪಟಿಕ ಮಾತ್ರ, ಮೂರನೆಯದಕ್ಕೆ ಅಳಲೆ ಮಾತ್ರ, ನಾಲ್ಕನೆಯದಕ್ಕೆ ಅಳಲೆ ಹಾಕಿ ಒಣಗಿಸಿದ ಮೇಲೆ ಪಟಿಕ. ಮಂಜಿಷ್ಠದಲ್ಲಿ ಅದ್ದಿ ಸೋಪು ಹಚ್ಚಿ ಉಜ್ಜಿದಾಗ ಮೊದಲನೆಯದು ಹೆಚ್ಚುಕಡಿಮೆ ಬಿಳಿ. ಎರಡನೆಯದು ವಾಪಸು ಬಂದ ದಿಂಬಿನ ಕವರೇ. ಮೂರನೆಯದು ಮಂಕು ಕಂದು. ನಾಲ್ಕನೆಯದು ಕೆಂಪು, ಹಿಂಡಿದ ನೀರೂ ಹೆಚ್ಚು ಬಣ್ಣಗಟ್ಟಲಿಲ್ಲ.

“ಅಳಲೆಯ ಒಗರು ಇದೆಯಲ್ಲ, ಅದು ಟ್ಯಾನಿನ್. ಹತ್ತಿಗೂ ಅಂಟುತ್ತೆ, ಅಲ್ಯೂಮಿನಿಯಮ್ಮನ್ನೂ ಹಿಡಿಯುತ್ತೆ. ಹತ್ತಿಗೂ ಪಟಿಕಕ್ಕೂ ನಡುವೆ ಅದೇ ಬ್ರೋಕರು.”

“ಬ್ರೋಕರು ಕಮಿಷನ್ ಬಿಡ್ತಾನಾ?”

“ಅಳಲೆಗೆ ತುಸು ಹಳದಿ ಛಾಯೆ ಬರುತ್ತೆ, ಅದೇ ಕಮಿಷನ್ನು.”

ಹೊಸ ಕವರುಗಳು ಒಣಗಿದ್ದಾಗ ತೂಗಿದರೆ ಸರಿಯಾಗಿ ಒಂದು ಕಿಲೋ. ಮಗ್ಗದ ಗಂಜಿ, ಎಣ್ಣೆ ಉಳಿದರೆ ಮುಂದಿನದೇನೂ ಒಳಗಿಳಿಯದು. ಸೋಪು, 20 ಗ್ರಾಂ ವಾಷಿಂಗ್ ಸೋಡಾ ಹಾಕಿ ಒಂದು ಗಂಟೆ ಕುದಿಸಿದಳು. ನೀರು ಟೀ ಬಣ್ಣಕ್ಕೆ ತಿರುಗಿತು. 200 ಗ್ರಾಂ ಅಳಲೆಪುಡಿಯನ್ನು ಬಿಸಿನೀರಲ್ಲಿ ನೆನೆಸಿ, ಸೋಸಿ, ಬಟ್ಟೆಯನ್ನು ರಾತ್ರಿಯಿಡೀ ಮುಳುಗಿಸಿದಳು. ಬೆಳಿಗ್ಗೆ ಹಿಂಡಿ ಒಣಗಿಸಿದಳು, ತೊಳೆಯಲಿಲ್ಲ. ಆಮೇಲೆ 150 ಗ್ರಾಂ ಪಟಿಕ ಬಿಸಿನೀರಲ್ಲಿ, 20 ಗ್ರಾಂ ವಾಷಿಂಗ್ ಸೋಡಾ ಬೇರೆ ಲೋಟದಲ್ಲಿ ಕರಗಿಸಿ, ಸೋಡಾ ನೀರನ್ನು ಪಟಿಕದ ನೀರಿಗೆ ನಿಧಾನ ಸುರಿದಳು. ಭಸ್ ಎಂದು ನೊರೆಯೆದ್ದಿತು. ಅವಸರ ಮಾಡಿದ್ದರೆ ಉಕ್ಕಿ ಒಲೆ ಆರುತ್ತಿತ್ತು. ಮತ್ತೆ ಒಂದು ರಾತ್ರಿ. ಮತ್ತೆ ಒಣಗಿಸು. ಕೊನೆಗೆ ಒಮ್ಮೆ ಜಾಲಿಸಿದಳು: ಸಡಿಲ ಪಟಿಕ ಹೋಗದಿದ್ದರೆ ಮತ್ತದೇ ಕೆಸರು.

ತೋಡಿನ ಮಳೆನೀರು ತೀರಾ ಮೆದು. ಮಂಜಿಷ್ಠಕ್ಕೆ ಸ್ವಲ್ಪ ಕ್ಯಾಲ್ಸಿಯಂ ಬೇಕೆಂದು ಟೀಚರು 500 ಗ್ರಾಂ ಪುಡಿಯ ಹಂಡೆಗೆ ಒಂದು ಚಮಚ ಸೀಮೆಸುಣ್ಣದ ಪುಡಿ ಹಾಕಿಸಿದರು. ಕೆಂಪು ಮಣ್ಣಿನ ಬಾವಿ ನೀರು ಬೇಡವೆಂದರು; ಕಬ್ಬಿಣ ಸೇರಿದರೆ ಅದೂ ಅಲ್ಯೂಮಿನಿಯಮ್ಮಿನ ಜಾಗ ಹಿಡಿಯುತ್ತದೆ, ಅಳಲೆಯೊಡನೆ ಕಪ್ಪೂ ಆಗುತ್ತದೆ. ಉರಿ ಸಣ್ಣಗೆ, 70 ಡಿಗ್ರಿ ದಾಟಿಸದೆ ಒಂದು ಗಂಟೆ. ಕುದಿದರೆ ಬೇರಿನ ಕಂದೂ ಇಳಿಯುತ್ತದೆ. ಮಡಿಕೆ ಬಿದ್ದಲ್ಲಿ ಪಟ್ಟೆಯಾಗದಂತೆ ಕೋಲಾಡಿಸುತ್ತಲೇ ಇದ್ದಳು.

ನೀರು ಚೆಲ್ಲಿದಾಗ ತಳದಲ್ಲಿ ಬೆರಳಿಗಂಟುವಷ್ಟೇ ಕೆಸರು.

ಹೋಮ್‌ಸ್ಟೇಯವರ ಫೋನು ಬಂತು. “ಇನ್ನೊಂದು ಸೆಟ್ಟು ಶನಿವಾರಕ್ಕೆ ಆಗುತ್ತಾ ರತ್ನಮ್ಮ?”

ಹೊರಗೆ ಆಟಿ ಮಳೆ. ಎರಡು ಸಲ ಒಣಗಬೇಕು.

“ಆಗಲ್ಲ ಸಾರ್, ಮುಂದಿನ ಶನಿವಾರ. ಅಳಲೆಕಾಯಿ ದುಡ್ಡು ಬೇರೆ ಸೇರುತ್ತೆ, ಈಗಲೇ ಹೇಳಿದ್ದೀನಿ.”