ನಾಲಿಗೆಯಿಂದ ಕೊನೆಯ ಹಲ್ಲು ಮುಟ್ಟಿ ನೋಡಿ

ಮಕ್ಕಳೇ, ನಮಸ್ಕಾರ. ಇವತ್ತು ಮಾರ್ಚ್ 20, ವಿಶ್ವ ಬಾಯಿ ಆರೋಗ್ಯ ದಿನ.

ಬೇಲೂರು ತೇರಿಗೆ ಹೋದರೆ ಬೆಂಡು ಬತ್ತಾಸು ಬೇಕೇ ಬೇಕು, ಅಲ್ವಾ? ತಿನ್ನಿ. ಆದರೆ ಊಟದ ಹೊತ್ತಿಗೇ ತಿಂದು ಬಾಯಿ ಮುಕ್ಕಳಿಸಿ. ದಿನವಿಡೀ ಚಾಕ್ಲೇಟ್ ಚೀಪಬೇಡಿ. ಹಲ್ಲಿಗೆ ಅಂಟಿದ ಸಿಹಿಯನ್ನು ಕಣ್ಣಿಗೆ ಕಾಣದ ರೋಗಾಣುಗಳು ತಿಂದು ಆಮ್ಲ ಮಾಡುತ್ತವೆ. ಅದು ಹಲ್ಲನ್ನು ಮೆಲ್ಲಗೆ ಕರಗಿಸುತ್ತದೆ. ಹುಳುಕು ಶುರುವಾಗುವುದೇ ಹಾಗೆ.

ಈಗ ನಾಲಿಗೆಯಿಂದ ಕೊನೆಯ ಹಲ್ಲು ಮುಟ್ಟಿ ನೋಡಿ. ಸುಮಾರು 6 ವರ್ಷಕ್ಕೆ ಹಿಂದೆ ಬರುವ ದವಡೆ ಹಲ್ಲು ಹಾಲುಹಲ್ಲಲ್ಲ. ಹೋದರೆ ಮತ್ತೆ ಬರಲ್ಲ. ನನ್ನದನ್ನು ನಾಲ್ಕನೇ ಕ್ಲಾಸಿನಲ್ಲೇ ಕೀಳಿಸಬೇಕಾಯಿತು. ಇವತ್ತಿಗೂ ಆ ಕಡೆ ಚಕ್ಕುಲಿ ಅಗಿಯಲು ಆಗಲ್ಲ.

ಬೆಳಿಗ್ಗೆ ಒಂದು ಸಲ, ರಾತ್ರಿ ಮಲಗುವ ಮುಂಚೆ ಒಂದು ಸಲ ಉಜ್ಜಿ. ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಸಾಕು. 2 ನಿಮಿಷ ಉಜ್ಜಿ, ಜೋರಾಗಿ ತಿಕ್ಕಬೇಡಿ. ಆ ಹಿಂದಿನ ಹಲ್ಲನ್ನು ಮಾತ್ರ ಮರೆಯಬೇಡಿ, ಬ್ರಷ್ ಅಲ್ಲಿಗೆ ಹೋಗುವುದೇ ಕಡಿಮೆ.

ನೋವು ಬರಲಿ ಅಂತ ಕಾಯಬೇಡಿ. 6 ತಿಂಗಳಿಗೊಮ್ಮೆ ಹಲ್ಲಿನ ಡಾಕ್ಟರಿಗೆ ತೋರಿಸಿ. ಸಣ್ಣ ಕಪ್ಪು ಚುಕ್ಕೆ ಇದ್ದಾಗಲೇ ಹೋದರೆ ಹಲ್ಲು ಉಳಿಯುತ್ತದೆ. ಇವತ್ತು ಮನೆಗೆ ಹೋದ ತಕ್ಷಣ ಅಮ್ಮನ ಮುಂದೆ ಆ ಅಂತ ಬಾಯಿ ತೆರೆದು ತೋರಿಸಿ.