ಗಣೇಶೋತ್ಸವ 2025: ಬಂದ ಪಟ್ಟಿ, ಆದ ಖರ್ಚು, ಉಳಿದ ಹಣ

ನವನಗರದ ನಮ್ಮ ಸೆಕ್ಟರಿನ ಎಲ್ಲ ಹಿರಿಯರಿಗೆ, ಅಕ್ಕ-ತಂಗಿಯರಿಗೆ, ಅಣ್ಣ-ತಮ್ಮಂದಿರಿಗೆ ನಮಸ್ಕಾರ.

ಆಗಸ್ಟ್ 27ರಂದು ಕೂರಿಸಿದ ಗಣಪತಿಯನ್ನು 31ರ ರವಿವಾರ ಕಳಿಸಿಕೊಟ್ಟೆವು. ಅದಾಗಿ ಹತ್ತು ದಿನ ಆಯಿತು. ಲೆಕ್ಕ ಯಾವಾಗ ಅಂತ ಕೆಲವರು ಕೇಳಿದಿರಿ. ಕೇಳಿದ್ದು ಒಳ್ಳೆಯದೇ ಆಯಿತು. ಕೊನೆಯ ಎರಡು ಬಿಲ್ ಸೋಮವಾರ ಕೈಗೆ ಬಂದವು, ಅದಕ್ಕೇ ಇಷ್ಟು ತಡ.

ಮೊದಲು ಒಂದು ಮಾತು. ಹೋದ ವರ್ಷ ಕೊನೆಯ ದಿನ ಪೆಂಡಾಲಿನ ಕಂಬಕ್ಕೆ ಒಂದು ಹಾಳೆ ಅಂಟಿಸಿದ್ದೆವು. ಒಟ್ಟು ಬಂದದ್ದು ಇಷ್ಟು, ಹೋದದ್ದು ಇಷ್ಟು, ಉಳಿದದ್ದು ಇಷ್ಟು. ಮೂರೇ ಸಾಲು. ವಿವರ ಕೇಳಿದವರಿಗೆ ನಮ್ಮಲ್ಲಿ ಒಬ್ಬಿಬ್ಬರು ಸಿಟ್ಟಿನಿಂದ ಉತ್ತರ ಕೊಟ್ಟರು. ಆ ತಪ್ಪು ಸಮಿತಿಯದು. ಮನೆ ಖರ್ಚಿನಲ್ಲಿ ಉಳಿಸಿ 101 ಕೊಟ್ಟ ಅವ್ವನಿಗೂ 5,001 ಕೊಟ್ಟ ಅಂಗಡಿಯವರಿಗೂ ಲೆಕ್ಕ ಕೇಳುವ ಹಕ್ಕು ಒಂದೇ. ಈ ಸಲ ಖಜಾಂಚಿ ಕೆಲಸ ನನಗೆ ಕೊಟ್ಟಾಗ ಒಂದೇ ಶರತ್ತು ಹಾಕಿದ್ದೆ: ಪ್ರತಿ ರೂಪಾಯಿ ಎಲ್ಲಿಂದ ಬಂತು, ಎಲ್ಲಿ ಹೋಯಿತು ಅಂತ ಹೊರಗೆ ಹೇಳಲೇಬೇಕು. ಎಲ್ಲರೂ ಒಪ್ಪಿದರು.

ಬಂದ ಹಣ

ಹೋದ ವರ್ಷದ ಉಳಿಕೆ: 18,460
ಮನೆಗಳಿಂದ ಪಟ್ಟಿ (148 ರಸೀದಿ): 1,08,149
ಅಂಗಡಿಗಳಿಂದ ಪಟ್ಟಿ (33 ರಸೀದಿ): 52,700
ಫೋನ್‌ಪೇಯಲ್ಲಿ ಬಂದ, ಹೆಸರು ಪತ್ತೆಯಾಗದ ಹಣ: 1,501
ಆರತಿ ತಟ್ಟೆ ಮತ್ತು ಹುಂಡಿ: 11,785
ಲಾಡು ಸವಾಲು (ಕೈಗೆ ಬಂದದ್ದು): 15,000
ಹಾರ, ತೆಂಗಿನಕಾಯಿ ಸವಾಲು: 7,600
ಒಟ್ಟು: 2,15,195 ರೂಪಾಯಿ

ಪಟ್ಟಿಯ ಹಣದಲ್ಲಿ 91,150 ನಗದು, 71,200 ಫೋನಿನ ಮೂಲಕ ಬಂದದ್ದು. ಹೋದ ವರ್ಷ ಫೋನಿನ ಹಣ ಒಬ್ಬ ಸದಸ್ಯರ ಸ್ವಂತ ಖಾತೆಗೆ ಬೀಳುತ್ತಿತ್ತು. ಅವರು ಒಂದು ಪೈಸೆ ಮುಟ್ಟಿಲ್ಲ, ಆದರೂ ಮಾತು ಬಂತು. ಮಾತು ಬರುವಂಥ ದಾರಿಯನ್ನು ನಾವೇ ಇಟ್ಟಿದ್ದೆವು ಅಲ್ವಾ? ಈ ಸಲ ಕಾರ್ಯದರ್ಶಿ ಮತ್ತು ನನ್ನ ಹೆಸರಿನಲ್ಲಿ ಹೊಸ ಜಂಟಿ ಖಾತೆ ತೆರೆದೆವು. ಅದರಲ್ಲಿ ಉತ್ಸವದ ಹಣ ಬಿಟ್ಟು ಬೇರೇನೂ ಇಲ್ಲ. ಮೊದಲ ದಿನದಿಂದ ಇವತ್ತಿನವರೆಗಿನ ಸ್ಟೇಟ್‌ಮೆಂಟ್ ಕಡತದಲ್ಲಿದೆ.

ರಸೀದಿ ಪುಸ್ತಕ ನಾಲ್ಕು, ಒಂದೊಂದರಲ್ಲಿ 50 ಹಾಳೆ. 200ರಲ್ಲಿ 181 ಬಳಸಿದ್ದೇವೆ, 7 ರದ್ದಾಗಿವೆ, 12 ಖಾಲಿ ಇವೆ. ರದ್ದಾದ ರಸೀದಿಯ ಎರಡೂ ಪ್ರತಿ ಪುಸ್ತಕದಲ್ಲೇ ಪಿನ್ ಮಾಡಿಟ್ಟಿದ್ದೇವೆ.

ತಾಳೆ ನೋಡುವಾಗ ಒಂದು ವ್ಯತ್ಯಾಸ ಸಿಕ್ಕಿತು. ಎಣಿಸಿದ ನಗದು ಪುಸ್ತಕದ ಲೆಕ್ಕಕ್ಕಿಂತ 400 ರೂಪಾಯಿ ಜಾಸ್ತಿ ಇತ್ತು. ಹೆಚ್ಚೇ ಇದೆಯಲ್ಲ ಅಂತ ಸುಮ್ನೆ ಬಿಡಲು ಮನಸ್ಸಾಗಲಿಲ್ಲ. ಒಂದೊಂದೇ ಹಾಳೆ ತಿರುವಿದೆವು. 117ನೇ ರಸೀದಿಯ ನಮ್ಮ ಪ್ರತಿಯಲ್ಲಿ 101 ಅಂತ ಇತ್ತು. ಕೊಟ್ಟವರ ಮನೆಗೆ ಹೋಗಿ ಅವರ ಪ್ರತಿ ನೋಡಿದರೆ 501! ಬರೆದ ಹುಡುಗ ಆ ದಿನ ಕಾರ್ಬನ್ ಮರೆತು ಎರಡೂ ಪ್ರತಿಯನ್ನು ಬೇರೆ ಬೇರೆ ಬರೆದಿದ್ದ. ಈಗ ತಿದ್ದಿ, ಕೊಟ್ಟವರ ಸಹಿಯನ್ನೂ ಪಕ್ಕದಲ್ಲಿ ಹಾಕಿಸಿದ್ದೇವೆ. ಮುಂದಿನ ವರ್ಷ ಕಾರ್ಬನ್ ಇಲ್ಲದೆ ಯಾರೂ ಪುಸ್ತಕ ಹಿಡಿದು ಹೋಗುವಂತಿಲ್ಲ.

ಆ 1,501 ರೂಪಾಯಿ ಬಗ್ಗೆ ನಿಮ್ಮ ಸಹಾಯ ಬೇಕು. ಆಗಸ್ಟ್ 24ರಂದು 501, 29ರಂದು 1,000 ಖಾತೆಗೆ ಬಂದಿದೆ. ರಸೀದಿ ಹರಿದಿಲ್ಲ. ನೀವು ಕಳಿಸಿದ್ದಾದರೆ ಫೋನಿನಲ್ಲಿ ತೋರಿಸಿ ರಸೀದಿ ತೆಗೆದುಕೊಳ್ಳಿ.

ಆರತಿ ತಟ್ಟೆ ಮತ್ತು ಹುಂಡಿಯನ್ನು ಐದೂ ರಾತ್ರಿ ಅಲ್ಲಿದ್ದವರ ಎದುರಿಗೇ ಎಣಿಸಿದೆವು: 1,420, 1,865, 2,030, 3,940, 2,530. ನಾಲ್ಕನೇ ದಿನ ಜಾಸ್ತಿ, ಯಾಕೆಂದರೆ ಅವತ್ತು ಮಹಾಪ್ರಸಾದ.

ಲಾಡು ಸವಾಲು 21,000ಕ್ಕೆ ಹೋಯಿತು. 15,000 ಬಂದಿದೆ, 6,000 ದಸರೆಯೊಳಗೆ ಕೊಡುವುದಾಗಿ ಹೇಳಿದ್ದಾರೆ. ಕೈಗೆ ಬಾರದ ಹಣವನ್ನು ಬಂದ ಲೆಕ್ಕದಲ್ಲಿ ಸೇರಿಸಿಲ್ಲ.

ಆದ ಖರ್ಚು

ಮಣ್ಣಿನ ಮೂರ್ತಿ 24,000, ತರುವ ಬಾಡಿಗೆ 2,500: 26,500
ಪೆಂಡಾಲ್, ವೇದಿಕೆ, ಕುರ್ಚಿ: 38,000
ಲೈಟ್, ಮೈಕ್, ಜನರೇಟರ್: 27,500
ಹೆಸ್ಕಾಂ ತಾತ್ಕಾಲಿಕ ಸಂಪರ್ಕ ಮತ್ತು ಬಿಲ್: 4,860
ಹೆಸ್ಕಾಂ ಠೇವಣಿ (ವಾಪಸ್ ಬರಬೇಕು): 3,000
ಪೂಜೆ ಸಾಮಾನು, ಹೂವು, ದಕ್ಷಿಣೆ: 13,240
ಮಹಾಪ್ರಸಾದ: 46,815
ಮಕ್ಕಳ ಸ್ಪರ್ಧೆ, ಬಹುಮಾನ: 8,450
ಮೆರವಣಿಗೆ: 24,500
ರಸೀದಿ ಪುಸ್ತಕ, ಬ್ಯಾನರ್: 3,950
ಸ್ವಚ್ಛತೆ: 3,600
ಬಿಲ್ ಇಲ್ಲದ ಚಿಲ್ಲರೆ ಖರ್ಚು: 2,340
ಒಟ್ಟು: 2,02,755 ರೂಪಾಯಿ

ಜನ ಹೆಚ್ಚು ಕೇಳುತ್ತಿರುವುದು ಮಹಾಪ್ರಸಾದದ ಬಗ್ಗೆ. ಜುಲೈ ಸಭೆಯಲ್ಲಿ 38,000 ಅಂತ ಅಂದಾಜು ಮಾಡಿದ್ದೆವು. 8,815 ಮೇಲೆ ಹೋಗಿದೆ. ಕಿರಾಣಿ 21,365, ತರಕಾರಿ 5,150, ಹಾಲು ಮತ್ತು ತುಪ್ಪ 6,800, ಗ್ಯಾಸ್ 5,400, ಅಡುಗೆಯವರ ಕೂಲಿ 6,000, ಪತ್ರಾವಳಿ ಮತ್ತು ಕುಡಿಯುವ ನೀರು 2,100.

600 ಜನ ಅಂದುಕೊಂಡಿದ್ದೆವು. ತಂದ ಪತ್ರಾವಳಿಯಲ್ಲಿ ಉಳಿದದ್ದನ್ನು ಕಳೆದು ನೋಡಿದರೆ ಉಂಡವರು 850ರ ಮೇಲೆ. ಮಧ್ಯಾಹ್ನ ಎರಡರ ಹೊತ್ತಿಗೆ ಗೋಧಿ ಹುಗ್ಗಿಯ ಕೊಪ್ಪರಿಗೆ ತಳ ಕಂಡಿತು. ಸಾಲು ಇನ್ನೂ ರಸ್ತೆವರೆಗೆ ಇತ್ತು. ಪಕ್ಕದಲ್ಲಿ ನಡೆಯುತ್ತಿದ್ದ ಕಟ್ಟಡ ಕೆಲಸದವರೂ ಅವರ ಮಕ್ಕಳೂ ಸಾಲಿನಲ್ಲಿದ್ದರು. ಗಣಪ್ಪನ ಮುಂದೆ ಬಂದವರನ್ನು ಹಸಿದು ಕಳಿಸುವುದು ಬೇಡ ಅಂತ ನಾವೇ ನಿರ್ಧರಿಸಿ ಎರಡನೇ ಸಲ ಒಲೆ ಹಚ್ಚಿಸಿದೆವು. ಎರಡನೇ ಸಲಕ್ಕೆ ಹುಗ್ಗಿ ಇರಲಿಲ್ಲ. ಅನ್ನ, ಸಾರು, ಬದನೆಕಾಯಿ ಪಲ್ಯ ಅಷ್ಟೇ. ಯಾರನ್ನೂ ಕೇಳುವಷ್ಟು ಹೊತ್ತಿರಲಿಲ್ಲ. ಆ ನಿರ್ಧಾರ ನಮ್ಮದು, ಅದರ ಜವಾಬ್ದಾರಿಯೂ ನಮ್ಮದು.

ಇಷ್ಟರಲ್ಲಿ ಮುಗಿದದ್ದು ವಸ್ತು ರೂಪದಲ್ಲಿ ಕೊಟ್ಟವರಿಂದ. ಒಂದು ರೈತ ಕುಟುಂಬ ಒಂದೂವರೆ ಕ್ವಿಂಟಲ್ ಅಕ್ಕಿ ಕೊಟ್ಟಿತು. ಇನ್ನೊಬ್ಬರು ಮಹಾಲಿಂಗಪುರದಿಂದ 30 ಕೆಜಿ ಬೆಲ್ಲ ತಂದುಕೊಟ್ಟರು. ಓಣಿಯ ಅಕ್ಕಂದಿರು ಐದೂ ದಿನ ಹಾರ ಕಟ್ಟಿದರು. ಇವಕ್ಕೆ ಬೆಲೆ ಕಟ್ಟಿ ಹಣದ ಲೆಕ್ಕಕ್ಕೆ ಸೇರಿಸಿಲ್ಲ. ಬೇರೆ ಪಟ್ಟಿ ಮಾಡಿದ್ದೇವೆ. ಹೆಸರು ಬೇಡ ಅಂದವರ ಹೆಸರು ಅದರಲ್ಲಿಲ್ಲ.

ಪೆಂಡಾಲಿಗೆ ಮೂವರಿಂದ ದರ ಕೇಳಿದ್ದೆವು: 46,000, 41,500, 38,000. ಕಡಿಮೆ ಹೇಳಿದವರಿಗೇ ಕೊಟ್ಟೆವು. ಎರಡನೇ ರಾತ್ರಿ ಮಳೆ ಬಂದಾಗ ಒಂದು ಮೂಲೆ ಸೋರಿತು ನಿಜ. ಬೆಳಿಗ್ಗೆಯೇ ಹೆಚ್ಚಿನ ತಾಡಪತ್ರಿ ಹಾಕಿದರು, ಅದಕ್ಕೆ ಬೇರೆ ಹಣ ತೆಗೆದುಕೊಳ್ಳಲಿಲ್ಲ.

ಮೆರವಣಿಗೆಯಲ್ಲಿ ಡೊಳ್ಳಿನ ಮೇಳಕ್ಕೆ 15,000, ಹಲಗೆಯವರಿಗೆ 5,000, ಟ್ರ್ಯಾಕ್ಟರಿಗೆ 4,500. ಹುಡುಗರು ಡಿಜೆ ಬೇಕು ಅಂದಿದ್ದರು. ಪಟ್ಟಿ ಕೊಟ್ಟ ಎಷ್ಟೋ ಮನೆಯಲ್ಲಿ ವಯಸ್ಸಾದವರು, ಹಸುಗೂಸುಗಳು ಇದ್ದಾರೆ. ಅವರು ಕೊಟ್ಟ ಹಣದಿಂದ ಅವರದೇ ಎದೆ ನಡುಗಿಸುವುದು ಬೇಡ ಅನಿಸಿತು. ಕೊನೆಗೆ ಹಲಗೆ ಹಿಡಿದು ಮುಂದೆ ಕುಣಿದವರು ಅದೇ ಹುಡುಗರು. ಬಾಗಲಕೋಟೆಯ ಹುಡುಗರಿಗೆ ಹಲಗೆ ಕಲಿಸಬೇಕೇ? ರಾತ್ರಿ ಹತ್ತರೊಳಗೆ ವಿಸರ್ಜನೆ ಮುಗಿಯಿತು.

ಇನ್ನು ಆ 2,340. ಹಗ್ಗ, ಮೊಳೆ, ಆಟೋ ಬಾಡಿಗೆ, ರಾತ್ರಿ ಪೆಂಡಾಲ್ ಕಾಯ್ದವರ ಚಹಾ. ಯಾವುದಕ್ಕೂ ಬಿಲ್ ಇಲ್ಲ. ಖರ್ಚು ಮಾಡಿದ ಮೂವರು ದಿನಾಂಕ ಹಾಕಿ ಬರೆದು ಸಹಿ ಮಾಡಿದ್ದಾರೆ. ಬೇರೆ ಯಾವುದಾದರೂ ಸಾಲಿನಲ್ಲಿ ಸೇರಿಸಿದ್ದರೆ ಕಾಣುತ್ತಿರಲಿಲ್ಲ. ಹಾಗೆ ಮಾಡಬಾರದು ಅಂತಲೇ ಬೇರೆ ತೋರಿಸಿದ್ದೇವೆ. ಒಪ್ಪುವುದು ಬಿಡುವುದು ಸಭೆಗೆ ಬಿಟ್ಟದ್ದು. ಸಭೆ ಒಪ್ಪದಿದ್ದರೆ ಸಮಿತಿಯ ಏಳು ಜನ ಹಂಚಿಕೊಂಡು ತುಂಬುತ್ತೇವೆ.

ಉಳಿದದ್ದು: 12,440 ರೂಪಾಯಿ

ಇದರಲ್ಲಿ 10,500 ಖಾತೆಯಲ್ಲಿ, 1,940 ನನ್ನ ಬಳಿ ನಗದು. ಹೋದ ವರ್ಷದ ಉಳಿಕೆಗಿಂತ 6,020 ಕಡಿಮೆ. ಅಂದರೆ ಈ ವರ್ಷ ಬಂದದ್ದಕ್ಕಿಂತ ಖರ್ಚು ಅಷ್ಟು ಜಾಸ್ತಿ ಆಗಿದೆ. ಲಾಡುವಿನ 6,000, ಹೆಸ್ಕಾಂ ಠೇವಣಿಯ 3,000 ಬಂದರೆ 21,440 ಆಗುತ್ತದೆ. ಬಂದ ದಿನವೇ ತಿಳಿಸುತ್ತೇವೆ. ಯಾರಿಗೂ ಕೊಡಬೇಕಾದ ಬಾಕಿ ಇಲ್ಲ.

ಈ ಲೆಕ್ಕವನ್ನು ನಾವೇ ಬರೆದು ನಾವೇ ಸರಿ ಅಂದುಕೊಂಡಿಲ್ಲ. ಸಮಿತಿಯಲ್ಲಿ ಇಲ್ಲದ ಇಬ್ಬರು, ಬ್ಯಾಂಕಿನಿಂದ ನಿವೃತ್ತರಾದ ಹಿರಿಯರು ಮತ್ತು ಶಾಲೆಯಲ್ಲಿ ಗಣಿತ ಕಲಿಸುವ ಅಕ್ಕ, ನಾಲ್ಕು ತಾಸು ಕೂತು ಪ್ರತಿ ಬಿಲ್ ನೋಡಿದರು. 117ನೇ ರಸೀದಿ ಹಿಡಿದದ್ದು ಆ ಅಕ್ಕನೇ. ಇಬ್ಬರೂ ಸಹಿ ಹಾಕಿದ್ದಾರೆ.

ಹಳೇ ಊರಿನ ಓಣಿ ನೀರಿಗೆ ಹೋದ ಮೇಲೆ ಇಲ್ಲಿಗೆ ಬಂದ ಮನೆಗಳು ನಮ್ಮಲ್ಲಿ ಬಹಳ. ಬೇರೆ ಬೇರೆ ಓಣಿಯವರು, ಮೊದಲು ಒಬ್ಬರಿಗೊಬ್ಬರು ಪರಿಚಯ ಇರಲಿಲ್ಲ. ಒಂದೇ ಪೆಂಡಾಲಿನ ಕೆಳಗೆ ಕೂತು ಕೂತು ಇದು ನಮ್ಮ ಓಣಿ ಆಗಿದೆ. ಹಣದ ವಿಷಯಕ್ಕೆ ಅದು ಒಡೆಯಬಾರದು ಅನ್ನುವ ಆಸೆ ನನಗೆ ತುಂಬಾ ಇದೆ.

ಸೆಪ್ಟೆಂಬರ್ 14, ರವಿವಾರ ಸಂಜೆ 6ಕ್ಕೆ ಪೆಂಡಾಲ್ ಹಾಕಿದ್ದ ಜಾಗದಲ್ಲೇ ಸಭೆ. ಬಿಲ್, ರಸೀದಿ ಪುಸ್ತಕ, ಸ್ಟೇಟ್‌ಮೆಂಟ್ ಎಲ್ಲವೂ ಮೇಜಿನ ಮೇಲೆ ಇರುತ್ತವೆ. ಉಳಿದ ಹಣ ಏನು ಮಾಡಬೇಕು, ಮುಂದಿನ ವರ್ಷ ಮಹಾಪ್ರಸಾದಕ್ಕೆ ಎಷ್ಟು ಇಡಬೇಕು ಅನ್ನುವುದನ್ನು ಅಲ್ಲೇ ತೀರ್ಮಾನಿಸೋಣ. ಎಲ್ಲರ ಮುಂದೆ ಕೇಳಲು ಸಂಕೋಚ ಅನಿಸಿದರೆ ಅದಕ್ಕೆ ಮೊದಲು ಯಾವ ಸಂಜೆಯಾದರೂ ನಮ್ಮ ಮನೆಗೆ ಬನ್ನಿ, ಕಡತ ಇಲ್ಲೇ ಇದೆ. ಬರುವಾಗ ನಿಮ್ಮ ರಸೀದಿ ತನ್ನಿ, ನಮ್ಮ ಪ್ರತಿಯ ಪಕ್ಕ ಇಟ್ಟು ನೋಡೋಣ.

ನಿಮ್ಮ
ಖಜಾಂಚಿ, ಗಣೇಶೋತ್ಸವ ಸಮಿತಿ
ನವನಗರ, ಬಾಗಲಕೋಟೆ
10 ಸೆಪ್ಟೆಂಬರ್ 2025