ಶಾಫ್ಟ್‌ಗೆ ಕಚ್ಚಿಕೊಂಡ ಇಂಪೆಲ್ಲರ್: ಬಿಡಿಭಾಗ ವಿತರಕರಿಗೆ ಪತ್ರ

ಗೋಣಿಕೊಪ್ಪಲು
19 ಜನವರಿ 2026

ಇವರಿಗೆ,
ಮಾಲೀಕರು,
ಪಂಪ್ ಬಿಡಿಭಾಗಗಳ ವಿತರಕರು, ಮೈಸೂರು

ವಿಷಯ: ಕಳೆದ ಜನವರಿಯಲ್ಲಿ ತಾವು ಕಳುಹಿಸಿದ ಪಂಪ್ ಸೆಟ್‌ನಲ್ಲಿ ಇಂಪೆಲ್ಲರ್ ಶಾಫ್ಟ್‌ಗೆ ಕಚ್ಚಿಕೊಂಡಿರುವುದು

ಮಾನ್ಯರೆ,

ಕಳೆದ ವರ್ಷ ತಮ್ಮಿಂದ ತರಿಸಿದ, ಬೇರಿಂಗ್ ಹೌಸಿಂಗ್, ಶಾಫ್ಟ್, ಇಂಪೆಲ್ಲರ್ ಮೂರನ್ನೂ ತಾವೇ ಜೋಡಿಸಿ ಕೊಟ್ಟ ಸೆಟ್ಟನ್ನು ಇಲ್ಲಿನ ಒಂದು ಕಾಫಿ ತೋಟದ ಡೀಸೆಲ್ ಪಂಪಿಗೆ ಅಳವಡಿಸಿದ್ದೆ. ಒಂದು ಹಂಗಾಮು ಚೆನ್ನಾಗಿಯೇ ಓಡಿತು. ಈ ಸಲ ಸ್ಪ್ರಿಂಕ್ಲರ್ ಶುರುವಾಗುವ ಮೊದಲು ಬೇರಿಂಗ್ ಬದಲಿಸಿ ಗ್ಲ್ಯಾಂಡ್ ಪ್ಯಾಕಿಂಗ್ ಹೊಸದು ಹಾಕೋಣವೆಂದು ಬಿಚ್ಚಿದರೆ ಇಂಪೆಲ್ಲರ್ ಅಲ್ಲಾಡಲಿಲ್ಲ.

ನಟ್ ಸುಲಭವಾಗಿ ಬಂತು. ಹಬ್ಬಿನ ಸುತ್ತ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ಹಾಗೆಯೇ ಇಟ್ಟೆ. ಹಳೆಯ ಇಂಪೆಲ್ಲರಿನಲ್ಲಿ ಪುಲ್ಲರ್ ಬೋಲ್ಟ್ ಹಾಕಲು ಎರಡು ಥ್ರೆಡ್ ರಂಧ್ರಗಳಿದ್ದವು; ತಮ್ಮದರಲ್ಲಿ ಅವೇ ಇಲ್ಲ. ಹಾಗಾಗಿ ಪುಲ್ಲರಿನ ಕಾಲುಗಳನ್ನು ಅಂಚಿಗೇ ಹಿಡಿಸಬೇಕಾಯಿತು. ಎರಕದ ಕಬ್ಬಿಣ ಅಂಚಿನಲ್ಲಿ ಎಳೆತ ತಾಳುವುದಿಲ್ಲ ಎಂಬುದು ತಮಗೂ ಗೊತ್ತು, ಆದ್ದರಿಂದ ಜೋರು ಮಾಡಲಿಲ್ಲ. ಗ್ಯಾಸ್ ಟಾರ್ಚ್‌ನಿಂದ ಹಬ್ಬನ್ನು ಮಾತ್ರ ಬೇಗ ಕಾಯಿಸಿ, ಶಾಫ್ಟಿಗೆ ಬಿಸಿ ಇಳಿಯುವ ಮೊದಲೇ ಎಳೆದೆ. ಆಗಲೂ ಬರಲಿಲ್ಲ. ಕೊನೆಗೆ ಗ್ರೈಂಡರ್ ಹಿಡಿದು, ಕೀ ಇರುವ ಕಡೆ ಹಬ್ಬನ್ನು ಉದ್ದಕ್ಕೆ ಸೀಳಬೇಕಾಯಿತು. ಇಂಪೆಲ್ಲರ್ ಹೋಯಿತು.

ಸೀಳಿದ ಮೇಲೆ ಕಂಡದ್ದನ್ನು ತಾವೇ ನೋಡಬೇಕು. ಕೀ ಕೂರುವ ತೋಡಿನ ತುಂಬ ಕಂದು ಪುಡಿ ಗಟ್ಟಿಯಾಗಿ ಕೂತಿದೆ. ಅಲ್ಲಿಂದ ಎರಡೂ ಬದಿಗೆ ಶಾಫ್ಟಿನ ಮೇಲೆ ತುಕ್ಕು ಪದರು ಪದರಾಗಿ ಹಬ್ಬಿದೆ. ಉಗುರಿನಿಂದ ಕೆರೆದರೆ ಚಕ್ಕೆ ಏಳುತ್ತದೆ. ನಟ್ಟಿನ ಅಡಿಯಲ್ಲಿ ನೀರು ತಡೆಯುವ ವಾಷರ್ ಇರಲೇ ಇಲ್ಲ. ನೀರು ಅಲ್ಲಿಂದಲೇ ತೋಡಿಗೆ ಇಳಿದಿದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಜಾಗವಿಲ್ಲದ ಕಡೆ ಅದು ಬೆಣೆಯಾಗುತ್ತದೆ.

ಆ ಜಾಗ ಏಕೆ ಇರಲಿಲ್ಲವೆಂದು ತಿಳಿಯಲು, ಅದೇ ಬಿಲ್ಲಿನಲ್ಲಿ ಬಂದ, ಇನ್ನೂ ಬಳಸದ ಬಿಡಿ ಶಾಫ್ಟ್ ಮತ್ತು ಇಂಪೆಲ್ಲರನ್ನು ಮೈಕ್ರೋಮೀಟರ್ ಹಾಗೂ ಬೋರ್ ಗೇಜ್ ಹಿಡಿದು ಅಳೆದೆ. ಇಂಪೆಲ್ಲರಿನ ಬೋರ್ 25.01 ಮಿ.ಮೀ., ಅದು ಸರಿ. ಶಾಫ್ಟ್ 25.02. ಬಿಚ್ಚಿ ಹಾಕುವ ಇಂಪೆಲ್ಲರಿಗೆ 25 ಮಿ.ಮೀ. ಶಾಫ್ಟ್ 24.987ರಿಂದ 25.000ದೊಳಗೆ ಇರಬೇಕು. ಕಂಪನಿಯಿಂದ ಬಂದಿದ್ದ ಹಳೆಯ ಶಾಫ್ಟ್ 24.99 ಇದೆ. ತಮ್ಮ ಸೆಟ್ಟಿನ ಇಂಪೆಲ್ಲರನ್ನು ಪ್ರೆಸ್‌ನಲ್ಲಿ ಒತ್ತಿ ಕೂರಿಸಿರಬೇಕು.

ಬಿಲ್ಲಿನಲ್ಲಿ ಶಾಫ್ಟನ್ನು 410 ಸ್ಟೇನ್‌ಲೆಸ್ ಎಂದು ಬರೆದಿದ್ದೀರಿ. ಅಯಸ್ಕಾಂತ ಹಿಡಿಯುತ್ತದೆ ಎಂದು ನಾನು ಆಕ್ಷೇಪಿಸುತ್ತಿಲ್ಲ, 410 ಕೂಡ ಅಯಸ್ಕಾಂತಕ್ಕೆ ಅಂಟುತ್ತದೆ. ಆದರೆ ತೋಟದ ಕೆರೆಯ ಸಿಹಿನೀರಿನಲ್ಲಿ ಒಂದು ಹಂಗಾಮಿಗೆ ಆ ಲೋಹ ಹೀಗೆ ಚಕ್ಕೆಯೇಳುವುದನ್ನು ನಾನು ಕಂಡಿಲ್ಲ. ಇದು ಮೈಲ್ಡ್ ಸ್ಟೀಲ್ ಎಂದೇ ನನ್ನ ನಂಬಿಕೆ.

ಫೋನಿನಲ್ಲಿ ತಮ್ಮ ಅಂಗಡಿಯವರು, “ಮಳೆಗಾಲದಲ್ಲಿ ನೀರು ತುಂಬಿಟ್ಟಿದ್ದೀರಿ” ಎಂದರು. ಆ ಮಾತನ್ನು ಒಪ್ಪಲಾರೆ. ಮೇ ಕೊನೆಯಲ್ಲಿ ಡ್ರೈನ್ ಪ್ಲಗ್ ತೆಗೆದು, ನೀರು ಇಳಿಸಿ, ಪಂಪನ್ನು ಶೆಡ್ಡಿನೊಳಗೆ ಇಟ್ಟದ್ದು ನಾನೇ. ಕೇಸಿಂಗಿನ ಒಳಗೆ ಈಗಲೂ ತೆಳುವಾದ ತುಕ್ಕು ಬಿಟ್ಟರೆ ಏನೂ ಇಲ್ಲ, ವೇರ್ ರಿಂಗ್ ಸರಾಗವಾಗಿದೆ. ಕಚ್ಚಿರುವುದು ಹಬ್ಬಿನ ಅಡಿಯಲ್ಲಿ ಮಾತ್ರ. ಇದೇ ಪಂಪ್ ಇದೇ ಶೆಡ್ಡಿನಲ್ಲಿ ಹಳೆಯ ಶಾಫ್ಟಿನೊಂದಿಗೆ ಎಷ್ಟೋ ಕೊಡಗಿನ ಮಳೆಗಾಲ ಕಳೆದಿದೆ, ಪ್ರತಿ ಸಲವೂ ಇಂಪೆಲ್ಲರ್ ಕೈಪುಲ್ಲರಿಗೇ ಬಂದಿದೆ.

ನನಗೆ ಬೇಕಾದದ್ದು ಇಷ್ಟು: 24.99ಕ್ಕೆ ಗ್ರೈಂಡ್ ಮಾಡಿದ ನಿಜವಾದ 410 ಶಾಫ್ಟ್, ಪುಲ್ಲರ್ ರಂಧ್ರಗಳಿರುವ ಇಂಪೆಲ್ಲರ್, ಹೊಸ ಕೀ, ನಟ್ಟಿನ ಕೆಳಗಿನ ವಾಷರ್. ಜೋಡಿಸದೆ ಬಿಡಿಬಿಡಿಯಾಗಿ ಕಳುಹಿಸಿ. ಅಳತೆ ನೋಡಿ, ಕಚ್ಚದಂತೆ ತಡೆಯುವ ಪೇಸ್ಟ್ ಹಚ್ಚಿ ನಾನೇ ಕೂರಿಸುತ್ತೇನೆ. ಇವಕ್ಕೆ ಬೆಲೆ ಹಾಕಬಾರದು. ಸೀಳಿದ ಹಬ್ಬು, ತುಕ್ಕು ಹಿಡಿದ ಶಾಫ್ಟ್ ಮತ್ತು ಬಳಸದ ಬಿಡಿ ಶಾಫ್ಟನ್ನು ಅಳತೆಯ ಚೀಟಿ ಅಂಟಿಸಿ ಬಸ್ ಪಾರ್ಸೆಲ್‌ನಲ್ಲಿ ಕಳುಹಿಸುತ್ತಿದ್ದೇನೆ. ದಯವಿಟ್ಟು ತಾವೇ ಖುದ್ದಾಗಿ ಅಳೆದು ನೋಡಿ. ಅದೇ ಲಾಟಿನ ಶಾಫ್ಟ್‌ಗಳು ಅಂಗಡಿಯಲ್ಲಿ ಉಳಿದಿದ್ದರೆ ಮಾರಾಟ ನಿಲ್ಲಿಸಿ. ಬೇರೆ ವರ್ಕ್‌ಶಾಪಿನವರಿಗೂ ಅವು ಹೋಗಿರಬಹುದು.

ರೋಬಸ್ಟಾ ಕೊಯ್ಲು ಮುಗಿಯುತ್ತಿದ್ದಂತೆ ಫೆಬ್ರವರಿಯಲ್ಲಿ ಹೂವಿಗೆ ನೀರು ಹಾಯಿಸಬೇಕು. ಹೂಮಳೆಯನ್ನು ನಂಬಿ ಕೂರುವ ಕಾಲ ಇದಲ್ಲ. ಹದ ತಪ್ಪಿದರೆ ಮೊಗ್ಗು ಒಣಗಿ ಆ ತೋಟದವರ ಮುಂದಿನ ವರ್ಷದ ಫಸಲೇ ಹೋಗುತ್ತದೆ, ಅದಕ್ಕೆ ನಾನಾಗಲಿ ತಾವಾಗಲಿ ಪರಿಹಾರ ಕೊಡಲಾರೆವು. ಜನವರಿ 28ರೊಳಗೆ ಭಾಗಗಳು ನನ್ನ ಕೈ ಸೇರಬೇಕು. ಆಗುವುದಿಲ್ಲವೆಂದರೆ ಈ ಪತ್ರ ತಲುಪಿದ ದಿನವೇ ತಿಳಿಸಿ. ಇಲ್ಲಿಯೇ ಲೇತಿನಲ್ಲಿ ಶಾಫ್ಟ್ ಮಾಡಿಸಿ ಖರ್ಚಿನ ಬಿಲ್ಲನ್ನು ತಮಗೆ ಕಳುಹಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮಾಲೀಕ, ಪಂಪ್ ಮತ್ತು ಎಂಜಿನ್ ರಿಪೇರಿ ವರ್ಕ್‌ಶಾಪ್
ಗೋಣಿಕೊಪ್ಪಲು, ಕೊಡಗು ಜಿಲ್ಲೆ

ಲಗತ್ತು: ಬಿಲ್ಲಿನ ಪ್ರತಿ, ಸೀಳಿದ ಹಬ್ಬು ಮತ್ತು ಶಾಫ್ಟಿನ ಫೋಟೋಗಳು